ತಿಂಗಳ ಕಂತೋ, ಇಡಿಗಂಟೋ: ಸರಾಸರಿ ಖರೀದಿ ಬೆಲೆಯನ್ನು ತಪ್ಪಿಲ್ಲದೆ ಹೋಲಿಸುವ ಕ್ರಮ

ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಪರಿಚಯದವರು ಯಾರಾದರೂ ಮ್ಯೂಚುವಲ್ ಫಂಡ್ ಲೆಕ್ಕದ ಹಾಳೆ ಹಿಡಿದು ಬರುತ್ತಾರೆ. ತಿಂಗಳ ಕಂತಿನಲ್ಲಿ ಹಾಕಿದ್ದು ಲಾಭವೋ, ಒಟ್ಟಿಗೆ ಹಾಕಿದ್ದರೆ ಲಾಭವಾಗುತ್ತಿತ್ತೋ ಅಂತ ಅವರೇ ಲೆಕ್ಕ ಹಾಕಿರುತ್ತಾರೆ. ಹತ್ತರಲ್ಲಿ ಎಂಟು ಹಾಳೆಗಳಲ್ಲಿ ಅದೇ ಎರಡು ತಪ್ಪು. ಒಂದು, ಬೆಲೆಗಳನ್ನು ಕೂಡಿಸಿ ಕಂತುಗಳ ಸಂಖ್ಯೆಯಿಂದ ಭಾಗಿಸಿ ಅದನ್ನೇ ಸರಾಸರಿ ಖರೀದಿ ಬೆಲೆ ಅಂದುಕೊಳ್ಳುವುದು. ಇನ್ನೊಂದು, ಸಿಕ್ಕ ಸರಾಸರಿಯನ್ನು ಹೋಲಿಸಬಾರದ ಸಂಖ್ಯೆಗೆ ಹೋಲಿಸುವುದು.

ಮೊದಲನೆಯದು ಗುಣಾಕಾರ ಭಾಗಾಕಾರದ ತಪ್ಪು, ತಿದ್ದುವುದು ಸುಲಭ. ಎರಡನೆಯದು ಯೋಚನೆಯ ತಪ್ಪು. ಲೆಕ್ಕ ಸರಿಯಿದ್ದರೂ ತೀರ್ಮಾನ ಉಲ್ಟಾ ಆಗುತ್ತದೆ. ಹಾಗಾಗಿ ಇಲ್ಲಿ ಆರು ತಿಂಗಳ ಒಂದು ಸಣ್ಣ ಬೆಲೆ ದಾರಿ ಹಿಡಿದು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ.

ಉದಾಹರಣೆಗೆ ನನಗೆ ಗೊತ್ತಿರುವ ಅಣ್ಣ ತಂಗಿಯನ್ನೇ ಇಟ್ಟುಕೊಳ್ಳೋಣ. ಅಣ್ಣನದು ಚನ್ನಗಿರಿ ಕಡೆ ಅಡಿಕೆ ತೋಟ. ರಾಶಿ ಅಡಿಕೆ ಮಾರಿದಾಗ ದುಡ್ಡು ಒಟ್ಟಿಗೆ ಕೈಗೆ ಬರುತ್ತದೆ. ತಂಗಿ ದಾವಣಗೆರೆಯಲ್ಲಿ ಶಾಲೆ ಟೀಚರ್, ದುಡ್ಡು ತಿಂಗಳಿಗೊಮ್ಮೆ ಬರುತ್ತದೆ. ಇಬ್ಬರೂ ಹಾಕಿದ್ದು 1,20,000 ರೂಪಾಯಿ ಅಂತಿಟ್ಟುಕೊಳ್ಳಿ. ಅಣ್ಣ ಮೊದಲ ದಿನವೇ ಪೂರ್ತಿ ಹಾಕಿದ. ತಂಗಿ ತಿಂಗಳಿಗೆ 20,000ದಂತೆ ಆರು ಕಂತು ಹಾಕಿದಳು. ಬೆಲೆಗಳು ಲೆಕ್ಕಕ್ಕೆ ಅಂತ ನಾನೇ ಇಟ್ಟವು.

## ಶುರು ಮಾಡುವ ಮೊದಲು ಬೇಕಾದವು

ಒಂದು ರೂಲ್ ಹಾಳೆ, ಒಂದು ಕ್ಯಾಲ್ಕುಲೇಟರ್ ಸಾಕು. ಮೊಬೈಲಿನಲ್ಲಿ ಶೀಟ್ ತೆರೆಯಲು ಬಂದರೆ ಇನ್ನೂ ಒಳ್ಳೆಯದು. ನಿಮ್ಮದೇ ಹೂಡಿಕೆಯ ಲೆಕ್ಕ ಹಾಕುವುದಾದರೆ ಫಂಡಿನ ಖಾತೆ ವಿವರ ಬೇಕು, ಅಂದರೆ ಪ್ರತಿ ಕಂತಿಗೆ ಯಾವ ದಿನ, ಯಾವ ಎನ್‌ಎವಿಗೆ, ಎಷ್ಟು ಯೂನಿಟ್ ಬಂತು ಅಂತ ತೋರಿಸುವ ಸ್ಟೇಟ್‌ಮೆಂಟ್. ಎನ್‌ಎವಿ ಅಂದರೆ ಒಂದು ಯೂನಿಟ್ಟಿನ ಆ ದಿನದ ಬೆಲೆ. ಹಳೆಯ ದಿನಗಳ ಎನ್‌ಎವಿ ಫಂಡ್ ಕಂಪನಿಗಳ ಸಂಘವಾದ ಆಂಫಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಆ್ಯಪ್‌ನಲ್ಲಿ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಕಾಣುವ ಪರ್ಸೆಂಟ್ ಸಂಖ್ಯೆಯನ್ನು ಸದ್ಯಕ್ಕೆ ನೋಡಬೇಡಿ. ಅದರ ಕಥೆ ಕೊನೆಗೆ ಹೇಳುತ್ತೇನೆ.

## ಹಂತ 1: ಮೂರು ವಿಷಯ ಎರಡೂ ಕಡೆ ಒಂದೇ ಇರಲಿ

ಹೋಲಿಕೆ ಅಂದಮೇಲೆ ತಕ್ಕಡಿ ಸಮ ಇರಬೇಕು. ಒಟ್ಟು ಮೊತ್ತ ಒಂದೇ ಇರಬೇಕು, ಫಂಡ್ ಒಂದೇ ಇರಬೇಕು, ಬೆಲೆ ಕಟ್ಟುವ ಕೊನೆಯ ದಿನ ಒಂದೇ ಇರಬೇಕು. ಎಷ್ಟೋ ಜನ ತಮ್ಮ ಐದು ವರ್ಷದ ತಿಂಗಳ ಕಂತನ್ನು, ಅಂದರೆ ಎಸ್‌ಐಪಿಯನ್ನು ಗೆಳೆಯನ ಎರಡು ವರ್ಷದ ಇಡಿಗಂಟಿಗೆ ಹೋಲಿಸುತ್ತಾರೆ. ಅದು ಮೆಕ್ಕೆಜೋಳದ ಚೀಲಕ್ಕೂ ಅಡಿಕೆ ಚೀಲಕ್ಕೂ ತೂಕ ಹೋಲಿಸಿದ ಹಾಗೆ.

ಫಂಡ್ ಒಂದೇ ಅಂದರೆ ಹೆಸರು ಮಾತ್ರ ಒಂದೇ ಇದ್ದರೆ ಸಾಲದು. ಒಂದೇ ಫಂಡಿಗೆ ರೆಗ್ಯುಲರ್ ಮತ್ತು ಡೈರೆಕ್ಟ್ ಅಂತ ಎರಡು ಪ್ಲಾನ್ ಇರುತ್ತವೆ. ಎರಡರ ಎನ್‌ಎವಿ ಬೇರೆ ಬೇರೆ. ಹಾಗೇ ಗ್ರೋತ್ ಆಯ್ಕೆಯ ಎನ್‌ಎವಿಯನ್ನೇ ತೆಗೆದುಕೊಳ್ಳಿ. ದುಡ್ಡು ಹಂಚುವ ಆಯ್ಕೆಯಲ್ಲಿ, ಹಂಚಿದ ದಿನ ಎನ್‌ಎವಿ ಅಷ್ಟು ಇಳಿದುಬಿಡುತ್ತದೆ. ಅದನ್ನು ಮಾರುಕಟ್ಟೆ ಕುಸಿತ ಅಂದುಕೊಂಡರೆ ಲೆಕ್ಕ ಪೂರ್ತಿ ಕೆಡುತ್ತದೆ.

## ಹಂತ 2: ಬೆಲೆ ದಾರಿಯನ್ನು ಬರೆದುಕೊಳ್ಳಿ

ಹಾಳೆಯಲ್ಲಿ ಆರು ಸಾಲು ಮಾಡಿ. ನಮ್ಮ ಮೊದಲ ದಾರಿ ತಗ್ಗಿನ ದಾರಿ. ಬೆಲೆ 50 ರೂಪಾಯಿಯಿಂದ ಇಳಿದು, ತಳ ಮುಟ್ಟಿ, ಮತ್ತೆ 50ಕ್ಕೆ ಬರುತ್ತದೆ.

| ತಿಂಗಳು | ಎನ್‌ಎವಿ (ರೂ.) | ತಂಗಿಯ ಕಂತು (ರೂ.) | ಬಂದ ಯೂನಿಟ್ |
|---|---|---|---|
| 1 | 50 | 20,000 | 400 |
| 2 | 40 | 20,000 | 500 |
| 3 | 32 | 20,000 | 625 |
| 4 | 40 | 20,000 | 500 |
| 5 | 40 | 20,000 | 500 |
| 6 | 50 | 20,000 | 400 |
| ಒಟ್ಟು | | 1,20,000 | 2,925 |

ಇಷ್ಟು ಬೀಳುತ್ತಾ ಅಂತ ಅನ್ನಿಸಬಹುದು. 2020ರ ಜನವರಿ ಮಧ್ಯದಲ್ಲಿ ನಿಫ್ಟಿ 12,362ರಲ್ಲಿತ್ತು. ಮಾರ್ಚ್ 23ರಂದು 7,610ಕ್ಕೆ ಬಂತು. ಅಂದರೆ ಸುಮಾರು 38 ಪರ್ಸೆಂಟ್ ಇಳಿತ. ಅದೇ ವರ್ಷದ ನವೆಂಬರಿನಲ್ಲಿ ಹಳೆಯ ಮಟ್ಟ ದಾಟಿತು. ನಮ್ಮ ದಾರಿಯಲ್ಲಿ ಬೆಲೆ ಇಳಿದದ್ದು 36 ಪರ್ಸೆಂಟ್.

ನಿಮ್ಮದೇ ಲೆಕ್ಕವಾದರೆ, ಬ್ಯಾಂಕಿನಿಂದ ದುಡ್ಡು ಕಡಿತವಾದ ದಿನದ ಎನ್‌ಎವಿ ಹಾಕಬೇಡಿ. ದುಡ್ಡು ಫಂಡಿನ ಖಾತೆಗೆ ಸೇರಿದ ದಿನದ ಎನ್‌ಎವಿಗೆ ಯೂನಿಟ್ ಕೊಡುತ್ತಾರೆ. ಒಂದೆರಡು ದಿನ ವ್ಯತ್ಯಾಸ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಇರುವುದೇ ಸರಿ.

## ಹಂತ 3: ಪ್ರತಿ ಕಂತಿಗೂ ಯೂನಿಟ್ ತೆಗೆಯಿರಿ

ಕಂತಿನ ಮೊತ್ತವನ್ನು ಆ ತಿಂಗಳ ಬೆಲೆಯಿಂದ ಭಾಗಿಸಿ. ಮೊದಲ ತಿಂಗಳು 20,000 ಭಾಗಿಸು 50, ಅಂದರೆ 400. ಮೂರನೇ ತಿಂಗಳು 20,000 ಭಾಗಿಸು 32, ಅಂದರೆ 625. ಶೀಟಿನಲ್ಲಿ ಬೆಲೆ ಬಿ ಕಾಲಂನಲ್ಲಿ, ಕಂತು ಸಿ ಕಾಲಂನಲ್ಲಿ, ಎರಡನೇ ಸಾಲಿನಿಂದ ಶುರುವಾದರೆ ಡಿ ಕಾಲಂಗೆ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=C2/B2
```

ಇಲ್ಲಿ ಒಂದು ಮಾತು. ಯೂನಿಟ್‌ಗಳನ್ನು ಪೂರ್ಣ ಸಂಖ್ಯೆಗೆ ತಿರುಗಿಸಬೇಡಿ. ಮ್ಯೂಚುವಲ್ ಫಂಡಿನಲ್ಲಿ ಮೂರು ದಶಾಂಶ ಸ್ಥಾನದವರೆಗೆ ಯೂನಿಟ್ ಬರುತ್ತದೆ. ಷೇರಿನ ಅಭ್ಯಾಸ ಇರುವವರು ಇಲ್ಲೇ ಎಡವುತ್ತಾರೆ.

## ಹಂತ 4: ಸರಾಸರಿ ಖರೀದಿ ಬೆಲೆ ತೆಗೆಯಿರಿ

ಹಾಕಿದ ಒಟ್ಟು ದುಡ್ಡನ್ನು ಬಂದ ಒಟ್ಟು ಯೂನಿಟ್‌ನಿಂದ ಭಾಗಿಸಿ. ಅಷ್ಟೇ. 1,20,000 ಭಾಗಿಸು 2,925. ಉತ್ತರ 41.03 ರೂಪಾಯಿ.

```
=SUM(C2:C7)/SUM(D2:D7)
```

ಹೆಚ್ಚಿನವರು ಮಾಡುವುದು ಬೇರೆ. 50, 40, 32, 40, 40, 50 ಎಲ್ಲ ಕೂಡಿಸಿ 252, ಆರರಿಂದ ಭಾಗಿಸಿ 42 ಅನ್ನುತ್ತಾರೆ. ಆ 42 ಬೆಲೆಗಳ ಸರಾಸರಿ. ತಂಗಿ ಕೊಟ್ಟ ಬೆಲೆಯ ಸರಾಸರಿ ಅಲ್ಲ.

ಯಾಕೆ ಬೇರೆ ಬರುತ್ತದೆ? ಈರುಳ್ಳಿ ತೆಗೆದುಕೊಳ್ಳಿ, ಚಿತ್ರದುರ್ಗದ ಕಡೆಯವರಿಗೆ ಇದು ಹೇಳಿಕೊಡಬೇಕಿಲ್ಲ. ಈ ವಾರ ಕೆಜಿಗೆ 50, ಮುಂದಿನ ವಾರ 20. ನೀವು ಎರಡೂ ವಾರ ನೂರು ರೂಪಾಯಿಯದೇ ತಂದಿರಿ. ಮೊದಲ ವಾರ 2 ಕೆಜಿ, ಎರಡನೇ ವಾರ 5 ಕೆಜಿ. ಒಟ್ಟು 200 ರೂಪಾಯಿಗೆ 7 ಕೆಜಿ, ಕೆಜಿಗೆ 28 ರೂಪಾಯಿ 57 ಪೈಸೆ ಬಿತ್ತು. ಬೆಲೆಗಳ ಸರಾಸರಿ ಮಾತ್ರ 35. ಕಡಿಮೆ ಬೆಲೆ ಇದ್ದಾಗ ಚೀಲಕ್ಕೆ ಜಾಸ್ತಿ ಬಿದ್ದದ್ದರಿಂದ ಸರಾಸರಿ ಕೆಳಗೆ ಜಗ್ಗಿತು.

ಪ್ರತಿ ಕಂತು ಒಂದೇ ಮೊತ್ತದ್ದಾಗಿದ್ದರೆ, ಬೆಲೆ ಸ್ವಲ್ಪ ಏರಿಳಿದರೂ ಸಾಕು, ಸರಾಸರಿ ಖರೀದಿ ಬೆಲೆ ಬೆಲೆಗಳ ಸರಾಸರಿಗಿಂತ ಯಾವಾಗಲೂ ಕೆಳಗೇ ಇರುತ್ತದೆ. ಇದು ಗಣಿತದ ನಿಯಮ, ಮಾರುಕಟ್ಟೆ ಕೊಟ್ಟ ಉಡುಗೊರೆ ಅಲ್ಲ. ನಿಮ್ಮ ಉತ್ತರ ಬೆಲೆಗಳ ಸರಾಸರಿಗಿಂತ ಮೇಲೆ ಬಂದಿದ್ದರೆ ಎಲ್ಲೋ ಭಾಗಾಕಾರ ತಪ್ಪಿದೆ ಅಂತ ತಿಳಿಯಿರಿ. ಶೀಟಿನಲ್ಲಿ ತಾಳೆ ನೋಡಲು ಇನ್ನೊಂದು ದಾರಿ ಇದೆ, ಇದು ನೇರವಾಗಿ 41.03 ಕೊಡಬೇಕು:

```
=HARMEAN(B2:B7)
```

ಕಂತುಗಳ ಮೊತ್ತ ಬೇರೆ ಬೇರೆ ಇದ್ದರೆ ಈ ಎರಡನೇ ಸೂತ್ರ ನಡೆಯುವುದಿಲ್ಲ. ಮೊದಲನೆಯದು ಯಾವಾಗಲೂ ನಡೆಯುತ್ತದೆ.

ಈ 41.03 ಏನು ಹೇಳುತ್ತದೆ? ಎನ್‌ಎವಿ ಇದರ ಮೇಲಿದ್ದರೆ ತಂಗಿಗೆ ಲಾಭ, ಕೆಳಗಿದ್ದರೆ ನಷ್ಟ. ಲಾಭ ನಷ್ಟದ ಗಡಿ ಅದು. ಅಣ್ಣನನ್ನು ಗೆದ್ದಳೋ ಇಲ್ಲವೋ ಅಂತ ಅದೊಂದೇ ಹೇಳುವುದಿಲ್ಲ.

## ಹಂತ 5: ಅಣ್ಣನ ಕಡೆ ಲೆಕ್ಕ ಹಾಕಿ, ಎರಡನ್ನೂ ಎದುರುಬದುರು ಇಡಿ

ಅಣ್ಣನದು ಒಂದೇ ಸಾಲು. 1,20,000 ಭಾಗಿಸು 50, ಅಂದರೆ 2,400 ಯೂನಿಟ್. ಅವನ ಸರಾಸರಿ 50, ಮೊದಲ ದಿನದ ಬೆಲೆಯೇ.

ಆರನೇ ತಿಂಗಳು ಬೆಲೆ 50. ಅಣ್ಣನ ಯೂನಿಟ್‌ಗಳ ಬೆಲೆ 1,20,000. ಬಂದ ದಾರಿಗೆ ಸುಂಕವಿಲ್ಲ ಅನ್ನುವಂತೆ, ಹಾಕಿದಷ್ಟೇ ಇದೆ. ತಂಗಿಯ 2,925 ಯೂನಿಟ್‌ಗಳ ಬೆಲೆ 1,46,250. ಅವಳಿಗೆ 26,250 ಲಾಭ.

"ನೋಡಣ್ಣ, ನಾ ಹೇಳಿದ್ದೆ ಅಲ್ವಾ, ತಿಂಗಳ ತಿಂಗಳ ಹಾಕಬೇಕು ಅಂತ" ಅಂದಳಂತೆ ತಂಗಿ. ಅಣ್ಣ ಸುಮ್ಮನಾದ. ಅವನು ಸುಮ್ಮನಾಗಬಾರದಿತ್ತು. ಅದಕ್ಕೇ ಮುಂದಿನ ಹಂತ.

## ಹಂತ 6: ಅದೇ ಲೆಕ್ಕವನ್ನು ಬೇರೆ ದಾರಿಗಳ ಮೇಲೆ ಓಡಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ತಗ್ಗಿನ ದಾರಿ ಒಂದನ್ನೇ ತೋರಿಸಿ ಎಸ್‌ಐಪಿ ಗೆಲ್ಲುತ್ತದೆ ಅನ್ನುವುದು, ಮಳೆ ಬಂದ ವರ್ಷವೊಂದನ್ನೇ ತೋರಿಸಿ ಹೊಲ ಮಾರಿದ ಹಾಗೆ. ಶೀಟಿನಲ್ಲಿ ಬಿ ಕಾಲಂ ಮಾತ್ರ ಬದಲಿಸಿ, ಉಳಿದದ್ದು ತಾನೇ ಬದಲಾಗುತ್ತದೆ.

ಏರು ದಾರಿ. ಬೆಲೆಗಳು 50, 52, 54, 57, 60, 62. ತಂಗಿಗೆ ಬರುವ ಒಟ್ಟು ಯೂನಿಟ್ 2,161.776. ಸರಾಸರಿ ಖರೀದಿ ಬೆಲೆ 55.51. ಬೆಲೆಗಳ ಸರಾಸರಿ 55.83. ಇಲ್ಲೂ ಅವಳ ಸರಾಸರಿ ಕೆಳಗೇ ಇದೆ, ನಿಯಮ ತಪ್ಪಿಲ್ಲ. ಆದರೆ ಕೊನೆಗೆ ಅವಳ ಬಳಿ 1,34,030 ಇದ್ದರೆ, ಅಣ್ಣನ 2,400 ಯೂನಿಟ್ 62ರ ಬೆಲೆಗೆ 1,48,800 ಆಯಿತು. ಅಣ್ಣ 14,770 ರೂಪಾಯಿ ಮುಂದೆ.

ದಿಬ್ಬದ ದಾರಿ. ಬೆಲೆಗಳು 50, 62.50, 80, 62.50, 62.50, 50. ತಗ್ಗಿನ ದಾರಿಯನ್ನೇ ಮಗುಚಿದ ಹಾಗಿದೆ. ಇದೂ 50ರಲ್ಲಿ ಶುರು, 50ರಲ್ಲೇ ಕೊನೆ. ತಂಗಿಗೆ 2,010 ಯೂನಿಟ್ ಬಂತು, ಸರಾಸರಿ 59.70. ಕೊನೆಯ ಬೆಲೆ 50 ಇರುವುದರಿಂದ ಅವಳ ಕೈಯಲ್ಲಿ 1,00,500. ಅಂದರೆ 19,500 ನಷ್ಟ. ಅಣ್ಣನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಮೂರರಲ್ಲೂ ತಂಗಿಯ ಸರಾಸರಿ ಬೆಲೆಗಳ ಸರಾಸರಿಗಿಂತ ಕಡಿಮೆ. ಗೆದ್ದದ್ದು ಮಾತ್ರ ಒಂದರಲ್ಲಿ. ಹಾಗಾದರೆ ಹೋಲಿಸಬೇಕಾದದ್ದು ಯಾವುದಕ್ಕೆ? ಮೊದಲ ದಿನದ ಬೆಲೆಗೆ. ಇಬ್ಬರದೂ ಒಂದೇ ಮೊತ್ತ, ಕೊನೆಯ ಬೆಲೆಯೂ ಒಂದೇ. ಯಾರ ಯೂನಿಟ್ ಜಾಸ್ತಿಯೋ ಅವರು ಮುಂದೆ. ಅಣ್ಣನ ಬೆಲೆ 50. ತಂಗಿಯ ಸರಾಸರಿ 50ಕ್ಕಿಂತ ಕೆಳಗಿದ್ದರೆ ಅವಳು ಗೆದ್ದಳು, ಮೇಲಿದ್ದರೆ ಸೋತಳು. 41.03 ಕೆಳಗಿದೆ, 55.51 ಮತ್ತು 59.70 ಮೇಲಿವೆ. ಕೊನೆಯ ಬೆಲೆ ಎಷ್ಟೇ ಆಗಿರಲಿ, ಈ ಉತ್ತರ ಬದಲಾಗುವುದಿಲ್ಲ.

ನನಗೆ ಇದು ಹೊಳೆಯಲು ಎರಡು ವರ್ಷ ಹಿಡಿಯಿತು ಅಂದರೆ ನಗಬೇಡಿ. ಅಲ್ಲಿಯವರೆಗೆ ನಾನೂ ಬೆಲೆಗಳ ಸರಾಸರಿಗೇ ಹೋಲಿಸಿ ಖುಷಿ ಪಡುತ್ತಿದ್ದೆ.

ನಿಜ ಬದುಕಿನಲ್ಲಿ ಯಾವ ದಾರಿ ಹೆಚ್ಚು? ಷೇರು ಮಾರುಕಟ್ಟೆ ದೀರ್ಘ ಕಾಲದಲ್ಲಿ ಇಳಿದದ್ದಕ್ಕಿಂತ ಏರಿದ್ದೇ ಹೆಚ್ಚು, ಹಾಗಾಗಿ ಕೈಯಲ್ಲಿ ಇಡೀ ದುಡ್ಡು ಇದ್ದವರಿಗೆ ಒಟ್ಟಿಗೆ ಹಾಕಿದ್ದೇ ಹೆಚ್ಚು ಸಲ ಮುಂದೆ ಬರುತ್ತದೆ. ಅಮೆರಿಕದ ವ್ಯಾನ್‌ಗಾರ್ಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಹಳೆಯ ಬೆಲೆಗಳ ಮೇಲೆ ಇದೇ ಲೆಕ್ಕ ಓಡಿಸಿ ನೋಡಿತ್ತು. ಸುಮಾರು ಮೂರರಲ್ಲಿ ಎರಡು ಸಲ ಇಡಿಗಂಟು ಗೆದ್ದಿತ್ತು. ಉಳಿದ ಒಂದು ಸಲ ನಿಮ್ಮ ಸರದಿಯೇ ಆಗಬಹುದು, ಅದು ಬೇರೆ ಮಾತು.

## ಹಂತ 7: ರಿಸ್ಕ್ ಅಳೆಯಿರಿ, ಬಾಯಿಮಾತಿನಲ್ಲಿ ಬೇಡ

"ಎಸ್‌ಐಪಿಯಲ್ಲಿ ರಿಸ್ಕ್ ಕಡಿಮೆ" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಕಡಿಮೆ, ಎಲ್ಲಿಯವರೆಗೆ ಕಡಿಮೆ ಅಂತ ಕೇಳಿದರೆ ಉತ್ತರ ಇಲ್ಲ. ಅಳೆಯಲು ಎರಡು ಸಣ್ಣ ಲೆಕ್ಕ ಸಾಕು.

ಮೊದಲನೆಯದು, ಅತಿ ಕೆಟ್ಟ ದಿನದ ಲೆಕ್ಕ. ತಗ್ಗಿನ ದಾರಿಗೆ ವಾಪಸ್ ಹೋಗಿ. ಮೂರನೇ ತಿಂಗಳು ಬೆಲೆ 32 ಆದ ದಿನ, ಆ ತಿಂಗಳ ಕಂತು ಹಾಕುವ ಮೊದಲು ಇಬ್ಬರ ಸ್ಥಿತಿ ಬರೆಯಿರಿ. ಅಣ್ಣನ 2,400 ಯೂನಿಟ್ ಬೆಲೆ 76,800. ಅವನ ಕಣ್ಣೆದುರಿಗೆ 43,200 ರೂಪಾಯಿ ಹೋಗಿದೆ. ತಂಗಿ ಅಷ್ಟರಲ್ಲಿ ಹಾಕಿದ್ದು 40,000, ಬಂದಿದ್ದು 900 ಯೂನಿಟ್, ಅದರ ಬೆಲೆ 28,800. ಅವಳಿಗೆ ಹೋಗಿದ್ದು 11,200.

ಇಲ್ಲಿ ಹುಷಾರಾಗಿರಿ. ತಂಗಿಯ ಆ್ಯಪ್ 28 ಪರ್ಸೆಂಟ್ ನಷ್ಟ ಅಂತ ಕೆಂಪಗೆ ತೋರಿಸುತ್ತದೆ, ಯಾಕೆಂದರೆ ಅದು ಹಾಕಿದ 40,000 ಮಾತ್ರ ನೋಡುತ್ತದೆ. ಉಳಿದ 80,000 ಇನ್ನೂ ಮಾರುಕಟ್ಟೆಗೆ ಹೋಗಿಯೇ ಇಲ್ಲ. 1,20,000ದ ಲೆಕ್ಕದಲ್ಲಿ ಅವಳ ಇಳಿತ 9 ಪರ್ಸೆಂಟ್ ಚಿಲ್ಲರೆ. ಅಣ್ಣನದು 36. ಹೋಲಿಸಬೇಕಾದದ್ದು ಈ ಎರಡನ್ನು.

ಎರಡನೆಯದು, ಇಳಿದು ಇಳಿದೇ ಹೋದರೆ ಏನು ಅನ್ನುವ ಲೆಕ್ಕ. ಬೆಲೆಗಳು 50, 46, 42, 38, 35, 32 ಅಂತಿಟ್ಟುಕೊಳ್ಳಿ. ತಂಗಿಗೆ 3,033.718 ಯೂನಿಟ್, ಸರಾಸರಿ 39.56. ಕೊನೆಗೆ ಅವಳ ಬಳಿ 97,079. ನಷ್ಟ ಸುಮಾರು 22,900. ಅಣ್ಣನ ನಷ್ಟ 43,200. ತಂಗಿಯೂ ಕಳೆದುಕೊಂಡಳು, ಆದರೆ ಅರ್ಧದಷ್ಟು.

ಈಗ ಏರು ದಾರಿಯನ್ನು ಮತ್ತೆ ನೋಡಿ. ಅಲ್ಲಿ ಅಣ್ಣನ ಲಾಭ 28,800, ತಂಗಿಯದು 14,030. ಅದೂ ಅರ್ಧದಷ್ಟೇ! ನೆಟ್ಟಗೆ ಏರಿದರೆ ಲಾಭ ಅರ್ಧ, ನೆಟ್ಟಗೆ ಇಳಿದರೆ ನಷ್ಟ ಅರ್ಧ. ಕಾರಣ ದೊಡ್ಡದೇನಿಲ್ಲ. ಈ ಆರು ತಿಂಗಳಲ್ಲಿ ತಂಗಿಯ ದುಡ್ಡು ಹೆಚ್ಚುಕಡಿಮೆ ಅರ್ಧ ಮಾತ್ರ ಮಾರುಕಟ್ಟೆಯಲ್ಲಿತ್ತು, ಉಳಿದರ್ಧ ಹೊರಗಿತ್ತು. ಎಸ್‌ಐಪಿ ರಿಸ್ಕ್ ಕಡಿಮೆ ಮಾಡುವುದು ಬಹುಪಾಲು ಇದೇ ರೀತಿಯಲ್ಲಿ.

ಇದರಿಂದ ಎರಡು ಮಾತು ಹೊರಡುತ್ತವೆ. ಕಂತು ಮುಗಿದ ಮೇಲೆ ಈ ರಕ್ಷಣೆಯೂ ಮುಗಿಯುತ್ತದೆ. ತಗ್ಗಿನ ದಾರಿಯಲ್ಲಿ ಆರನೇ ಕಂತು ಹಾಕಿದ ಮರುವಾರ ಬೆಲೆ 50ರಿಂದ 40ಕ್ಕೆ ಬಿತ್ತು ಅಂದುಕೊಳ್ಳಿ. ಅಣ್ಣನ 1,20,000 ಇಳಿದು 96,000, ತಂಗಿಯ 1,46,250 ಇಳಿದು 1,17,000. ಇಬ್ಬರಿಗೂ ಅದೇ 20 ಪರ್ಸೆಂಟ್. ಹತ್ತು ವರ್ಷ ಎಸ್‌ಐಪಿ ಕಟ್ಟಿದವರಿಗೂ ಇದೇ ಕಥೆ. ಸೇರಿದ ಗಂಟು ದೊಡ್ಡದಾಗಿರುತ್ತದೆ, ಹೊಸ ಕಂತು ಅದರ ಮುಂದೆ ಸಾಸಿವೆಯಷ್ಟು. ಕುಸಿತ ಪೂರ್ತಿ ತಟ್ಟುತ್ತದೆ.

ಇನ್ನೊಂದು, ಅಷ್ಟೊಂದು ದುಡ್ಡು ಒಟ್ಟಿಗೆ ಹಾಕಲು ಭಯ ಅನ್ನುವವರಿಗೆ. ಆರು ತಿಂಗಳ ನಂತರ ಆ ಪೂರ್ತಿ ದುಡ್ಡು ಒಳಗೇ ಇರುತ್ತದೆ ತಾನೇ? ಆಗಲೂ ಭಯ ಇರುವುದಾದರೆ ಕಂತು ಮಾಡಿ ಪ್ರಯೋಜನವಿಲ್ಲ. ಮೊತ್ತವನ್ನೇ ಕಡಿಮೆ ಮಾಡಿ, ಉಳಿದದ್ದನ್ನು ಎಫ್‌ಡಿಯಲ್ಲಿ ಇಡಿ.

## ಹಂತ 8: ಕಾಯುತ್ತಿರುವ ದುಡ್ಡನ್ನು ಮರೆಯಬೇಡಿ

ಅಣ್ಣನೇ ಆರು ಕಂತು ಮಾಡಿದ್ದರೆ? ಮೊದಲ ಕಂತಿನ ನಂತರ 1,00,000 ಒಂದು ತಿಂಗಳು ಕೂರುತ್ತದೆ, ಆಮೇಲೆ 80,000, 60,000, 40,000, 20,000 ಒಂದೊಂದು ತಿಂಗಳು. ಕೂಡಿಸಿದರೆ 3,00,000 ರೂಪಾಯಿ ಒಂದು ತಿಂಗಳು ಇದ್ದ ಲೆಕ್ಕ. ವರ್ಷಕ್ಕೆ 3 ಪರ್ಸೆಂಟ್ ಅಂದರೆ ತಿಂಗಳಿಗೆ ಕಾಲು ಪರ್ಸೆಂಟ್, ಬಡ್ಡಿ 750 ರೂಪಾಯಿ. 6 ಪರ್ಸೆಂಟ್ ಸಿಗುವ ಕಡೆ ಇಟ್ಟರೆ 1,500. ಕಂತಿನ ಕಡೆಯ ಕೊನೆಯ ಮೊತ್ತಕ್ಕೆ ಇದನ್ನು ಸೇರಿಸಿ.

ಮೊತ್ತ ಸಣ್ಣದು ನಿಜ. ಆದರೆ ಸೇರಿಸದಿದ್ದರೆ ಹೋಲಿಕೆ ಇಡಿಗಂಟಿನ ಕಡೆ ವಾಲುತ್ತದೆ. ಕಾಯುವ ದುಡ್ಡನ್ನು ಏರಿಳಿತ ಕಡಿಮೆ ಇರುವ ಲಿಕ್ವಿಡ್ ಫಂಡಿನಲ್ಲಿಟ್ಟು ಅಲ್ಲಿಂದ ತಿಂಗಳಿಗಿಷ್ಟು ಅಂತ ಈಕ್ವಿಟಿ ಫಂಡಿಗೆ ಕಳಿಸುವ ವ್ಯವಸ್ಥೆಯೂ ಇದೆ, ಅದಕ್ಕೆ ಎಸ್‌ಟಿಪಿ ಅನ್ನುತ್ತಾರೆ. ಹಾಗೆ ಕಳಿಸುವಾಗ ಪ್ರತಿ ಸಲವೂ ಲಿಕ್ವಿಡ್ ಫಂಡ್ ಮಾರಿದ ಲೆಕ್ಕ ಆಗುತ್ತದೆ, ಅದರ ಲಾಭಕ್ಕೆ ತೆರಿಗೆ ಇದೆ ಅನ್ನುವುದು ನೆನಪಿರಲಿ.

ತಂಗಿಯ ವಿಷಯದಲ್ಲಿ ಈ ಹಂತವೇ ಇಲ್ಲ. ಸಂಬಳ ಬಂದ ಮೇಲೆ ತಾನೇ ಅವಳ ಬಳಿ ದುಡ್ಡು ಇರುವುದು. ಬಂದ ಸಂಬಳದಿಂದ ಬಂದ ತಿಂಗಳೇ ಹಾಕುವವರಿಗೆ ಇಡಿಗಂಟು ಅನ್ನುವ ಆಯ್ಕೆ ಇರಲೇ ಇಲ್ಲ. ಅಣ್ಣ ತಂಗಿ ಜಗಳವೇ ಅರ್ಧ ಸುಳ್ಳು ಅನ್ನುವುದು ಇದಕ್ಕೇ.

## ಹಂತ 9: ಸ್ಟೇಟ್‌ಮೆಂಟಿಗೆ ತಾಳೆ ನೋಡಿ

ನಿಮ್ಮ ಹಾಳೆಯಲ್ಲಿ 400 ಯೂನಿಟ್, ಸ್ಟೇಟ್‌ಮೆಂಟಿನಲ್ಲಿ 399.980. ಗಾಬರಿ ಬೇಡ. 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಖರೀದಿಗೆ 0.005 ಪರ್ಸೆಂಟ್ ಸ್ಟಾಂಪ್ ಡ್ಯೂಟಿ ಇದೆ. 20,000ಕ್ಕೆ ಒಂದು ರೂಪಾಯಿ ಕಡಿತ, ಉಳಿದ 19,999ಕ್ಕೆ ಯೂನಿಟ್. ಇಡಿಗಂಟಿಗೆ ಒಂದೇ ಸಲ ಆರು ರೂಪಾಯಿ. ಎರಡೂ ಕಡೆ ಒಂದೇ ಆಗುವುದರಿಂದ ಹೋಲಿಕೆಗೆ ಏನೂ ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ವರ್ಷದ ಎಣಿಕೆ. ಬೇಗ ವಾಪಸ್ ತೆಗೆದರೆ ಎಷ್ಟೋ ಫಂಡ್‌ಗಳಲ್ಲಿ ಎಕ್ಸಿಟ್ ಲೋಡ್ ಅನ್ನುವ ಕಡಿತ ಇರುತ್ತದೆ. ಈಕ್ವಿಟಿ ಫಂಡಿನಲ್ಲಿ ತೆರಿಗೆ ದರವೂ ವರ್ಷದೊಳಗೆ ಒಂದು, ವರ್ಷ ದಾಟಿದರೆ ಇನ್ನೊಂದು. ಕಂತಿನಲ್ಲಿ ಹಾಕಿದವರಿಗೆ ಪ್ರತಿ ಕಂತಿನ ವರ್ಷ ಬೇರೆಯಾಗಿ ಶುರುವಾಗುತ್ತದೆ. ಮೊದಲ ಕಂತಿಗೆ ವರ್ಷ ತುಂಬಿದ ದಿನ ಎಲ್ಲವನ್ನೂ ಮಾರಿದರೆ ಉಳಿದ ಐದು ಕಂತುಗಳಿಗೆ ವರ್ಷ ತುಂಬಿರುವುದಿಲ್ಲ. ಮಂಡಿಯ ಒಬ್ಬರು ಹೀಗೇ ಮಾರಿ ಬಂದು ನನ್ನ ಹತ್ತಿರ ಲೆಕ್ಕ ಕೇಳಿದ್ದರು. ಆಮೇಲೆ ಏನು ಹೇಳಿ ಏನು ಬಂತು.

## ಲೆಕ್ಕ ದಾರಿ ತಪ್ಪಿದೆ ಅಂತ ತಿಳಿಯುವುದು ಹೇಗೆ

ಆ್ಯಪ್‌ನಲ್ಲಿ ಎಕ್ಸ್‌ಐಆರ್‌ಆರ್ ಅಂತ ವರ್ಷಕ್ಕೆ ನೂರೈವತ್ತು ಪರ್ಸೆಂಟ್ ಹತ್ತಿರದ ಸಂಖ್ಯೆ ಕಂಡರೆ ಅದನ್ನು ನಂಬಬೇಡಿ. ತಗ್ಗಿನ ದಾರಿಯಲ್ಲಿ ತಂಗಿಗೆ ಹಾಗೇ ತೋರಿಸುತ್ತದೆ. ಲೆಕ್ಕ ತಪ್ಪಲ್ಲ. ಸರಾಸರಿ ಎರಡೂವರೆ ತಿಂಗಳು ಇದ್ದ ದುಡ್ಡಿನ ಲಾಭವನ್ನು ಅದು ಇಡೀ ವರ್ಷಕ್ಕೆ ಹಿಗ್ಗಿಸಿ ಹೇಳುತ್ತದೆ. ವರ್ಷ ತುಂಬದ ಹೂಡಿಕೆಗೆ ರೂಪಾಯಿಯಲ್ಲೇ ಹೋಲಿಸಿ.

ನಿಮ್ಮ ಶೀಟಿನಲ್ಲಿ ಎಲ್ಲ ದಾರಿಗಳಲ್ಲೂ ಒಂದೇ ಕಡೆ ಗೆಲ್ಲುತ್ತಿದ್ದರೆ ಬಿ ಕಾಲಂ ಮೇಲೆ ಅನುಮಾನ ಪಡಿ. ಮೊದಲ ಬೆಲೆಯನ್ನು ತುತ್ತತುದಿಯಲ್ಲೇ ಆರಿಸಿಕೊಂಡಿದ್ದೀರಾ ನೋಡಿ. ಅಲ್ಲಿಂದ ಶುರು ಮಾಡಿದರೆ ಕಂತು ಗೆಲ್ಲದೆ ಇನ್ನೇನು ಮಾಡುತ್ತದೆ?

ಇನ್ನೊಂದು ಲಕ್ಷಣ ಹಾಳೆಯಲ್ಲಿ ಕಾಣುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಬೆಲೆ ಬಿದ್ದ ತಿಂಗಳುಗಳಲ್ಲೇ ಕಂತು ನಿಂತಿರುತ್ತದೆ. ತಂಗಿ ಹೆದರಿ ಮೂರನೇ ಮತ್ತು ನಾಲ್ಕನೇ ಕಂತು ಬಿಟ್ಟಿದ್ದಳು ಅಂದುಕೊಳ್ಳಿ. ಹಾಕಿದ್ದು 80,000, ಯೂನಿಟ್ 1,800, ಸರಾಸರಿ 44.44. ಕೊನೆಗೆ 90,000, ಲಾಭ 10,000. ಬಿಡದಿದ್ದರೆ 26,250 ಇತ್ತು. ಎರಡು ಕಂತು ಬಿಟ್ಟದ್ದಕ್ಕೆ 16,250 ರೂಪಾಯಿ ಲಾಭ ಹೋಯಿತು. ತಗ್ಗಿನಲ್ಲಿ ಹಾಕದವರಿಗೆ ಕಂತಿನ ಲೆಕ್ಕ ಅನ್ವಯಿಸುವುದೇ ಇಲ್ಲ. ನನ್ನ ಖಾತೆಯಲ್ಲೂ ಒಮ್ಮೆ ಹೀಗಾಗಿದೆ. ಹೆದರಿ ಅಲ್ಲ, ಕಂತಿನ ದಿನ ಖಾತೆಯಲ್ಲಿ ದುಡ್ಡು ಇರಲಿಲ್ಲ. ಯೂನಿಟ್ಟೂ ಬರಲಿಲ್ಲ, ಮೇಲೆ ಬ್ಯಾಂಕು ದಂಡ ಬೇರೆ ಹಾಕಿತು. ಸಂಬಳ ಬಂದ ಎರಡು ಮೂರು ದಿನಕ್ಕೆ ಕಂತಿನ ತಾರೀಖು ಇಡಿ.

ಅಣ್ಣ ಈ ಸಲ ಅಡಿಕೆ ಕೊಟ್ಟು ಬಂದವನು ಹಾಳೆಯ ಸಮೇತ ನನ್ನ ಅಂಗಡಿಗೆ ಬಂದ. ನಾಲ್ಕೂ ದಾರಿಗಳನ್ನು ತಾನೇ ಓಡಿಸಿದ್ದ. "36 ಪರ್ಸೆಂಟ್ ಬಿದ್ದರೆ ನಂಗೆ ನಿದ್ದೆ ಬರಲ್ರೀ" ಅಂದ. 60,000 ಒಟ್ಟಿಗೆ ಫಂಡಿಗೆ ಹಾಕಿ, ಉಳಿದ 60,000 ಗೊಬ್ಬರ, ಕೂಲಿ ಖರ್ಚಿಗೆ ಅಂತ ಎಫ್‌ಡಿಗೆ ಬರೆಸಿದ. ತಂಗಿಯ 20,000 ಎಂದಿನಂತೆ ಐದನೇ ತಾರೀಖಿಗೆ ಹೋಗುತ್ತಿದೆ.